ಪಯಸ್ವಿನಿ ಎಂಬ ಹೆಸರು ಉಳಿದ ಬಗೆ

ನಮ್ಮ ಕನ್ನಡ ಸರ್ ತೀರಿಕೊಂಡ ಸುದ್ದಿ ಬಂದಂದಿನಿಂದ ನನಗೆ ಅವರ ಪಾಠಗಳಿಗಿಂತ ಮ್ಯಾಗಝಿನ್ ಸಮಿತಿಯ ಸಭೆಗಳೇ ನೆನಪಾಗುತ್ತಿವೆ. ಕೇರಳದ ಕಾಲೇಜುಗಳಲ್ಲಿ ಸ್ಟೂಡೆಂಟ್ ಎಡಿಟರ್ ಯೂನಿಯನ್ ಚುನಾವಣೆಯಲ್ಲಿ ಗೆದ್ದು ಬರುವವರು. ಎಡಿಟರ್ ಬದಲಾದಂತೆ ಮ್ಯಾಗಝಿನ್‌ನ ಹೆಸರೂ ಬದಲಾಗುವುದು ಇಲ್ಲಿನ ರೂಢಿ. ಕಾಸರಗೋಡಿನ ನಮ್ಮ ಕಾಲೇಜಿನಲ್ಲೂ ಹಾಗೆಯೇ ಇತ್ತು. ಗೆದ್ದ ಉತ್ಸಾಹದಲ್ಲಿ ನಾವೂ ಒಂದು ಹೆಸರು ಹಿಡಿದು ಹೋದೆವು: ‘ಕಿಡಿ’.

ಸರ್ ಬೇಡವೆನ್ನಲಿಲ್ಲ. ಲೈಬ್ರರಿಗೆ ಹೋಗಿ ಹಳೆಯ ಸಂಚಿಕೆಗಳನ್ನು ತನ್ನಿ ಎಂದರು. ಅವು ಒಂದೊಂದೂ ತನ್ನ ಹೆಸರಿನ ಅಕ್ಷರಕ್ಕೆ ತಕ್ಕಂತೆ ಬೇರೆ ಬೇರೆ ಕಡೆ ಕೂತಿದ್ದವು. ಒಂದೇ ಕಾಲೇಜಿನವೆಂದು ಬೆನ್ನು ನೋಡಿ ಹೇಳುವಂತಿರಲಿಲ್ಲ. ಬೆಳ್ಳಿಹಬ್ಬದ ವರ್ಷಕ್ಕೆಂದು ಇಟ್ಟ ಹೆಸರು ಮರುವರ್ಷವೇ ಹಳತಾಗಿತ್ತು. ಸಂಪಾದಕರ ಹೆಸರುಗಳ ಮೊದಲಕ್ಷರ ಕೂಡಿಸಿ ಮಾಡಿದ ಇನ್ನೊಂದನ್ನು ಮುಂದಿನ ತಂಡ ತನ್ನದೆನ್ನಲು ಸಾಧ್ಯವೇ ಇರಲಿಲ್ಲ.

ಹಾಗಾಗಿ ವರ್ಷ, ಹಬ್ಬ, ಚಳವಳಿ, ವ್ಯಕ್ತಿ ಎಲ್ಲವನ್ನೂ ಬಿಟ್ಟು ಹುಡುಕಿದೆವು. ‘ಚಂದ್ರಗಿರಿ’ ಎಂದಳು ಒಬ್ಬಳು. ಆದರೆ ಕೋಟೆ, ಸೇತುವೆ ಎಲ್ಲಕ್ಕೂ ಅದೇ ಹೆಸರು. ‘ಪಯಸ್ವಿನಿ’ಯನ್ನು ಸೂಚಿಸಿದವನು ನಾನು, ಆ ಹೆಮ್ಮೆ ನನಗೆ ಇಂದಿಗೂ ಇದೆ. ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೇಲೆ ನಮ್ಮೂರಿಗೆ ಬರುವ ಹೊಳೆ ಅದು. ಸರ್ ಮುಖಪುಟದಲ್ಲಿ ಬರುವ ಹಾಗೆ ಕನ್ನಡದಲ್ಲೂ ಮಲಯಾಳದಲ್ಲೂ ಬರೆಸಿ, ಎರಡು ವಿಭಾಗದ ಮಕ್ಕಳಿಂದಲೂ ಓದಿಸಿದರು. ಯಾರೂ ತಡವರಿಸಲಿಲ್ಲ.

ಆದರೂ ‘ಕಿಡಿ’ಯನ್ನು ಬಿಡಲು ನಮಗೆ ಮನಸ್ಸಿರಲಿಲ್ಲ. ಪ್ರೂಫ್ ತರಲು ಮಂಗಳೂರಿನ ಪ್ರೆಸ್ಸಿಗೆ ಹೋದಾಗ, ಸರ್ ಒಪ್ಪಿದ್ದಾರೆಂದು ಹೇಳಿ ಅದನ್ನು ಮುಖಪುಟದಲ್ಲಿ ದೊಡ್ಡದಾಗಿ ಹಾಕಿಸಿಬಿಟ್ಟೆವು. ‘ಪಯಸ್ವಿನಿ’ ಮೂಲೆ ಸೇರಿತು. ಸರ್ ಬೈಯಲಿಲ್ಲ. ಸ್ಕೇಲ್ ತೆಗೆದು ಎರಡರ ಎತ್ತರವನ್ನೂ ಅಳೆದರು. “ಮಕ್ಕಳೇ, ಅದು ಕಾಲೇಜಿನ ಹೆಸರು, ಇದು ನಿಮ್ಮ ವರ್ಷದ ಹೆಸರು. ಎರಡೂ ಇರಲಿ. ನಿಮ್ಮದು ಕೆಳಗೆ, ಅರ್ಧ ಎತ್ತರದಲ್ಲಿ” ಎಂದು ಪ್ರೂಫಿನ ಮೇಲೇ ಗೆರೆ ಎಳೆದರು.

ಹೆಸರು ಉಳಿದದ್ದು ಆ ಗೆರೆಯಿಂದ. ತನ್ನದೆನ್ನಲು ಒಂದು ಜಾಗ ಸಿಕ್ಕಿದ ಮೇಲೆ ಯಾವ ತಂಡಕ್ಕೂ ಮೇಲಿನದನ್ನು ಕಿತ್ತುಹಾಕುವ ಹಟ ಬರಲಿಲ್ಲ. ಜೊತೆಗೆ ಒಳಪುಟದಲ್ಲಿ ‘ಸಂಪುಟ 1’ ಎಂದು ಅಚ್ಚು ಹಾಕಿಸಿದರು, ಅಕ್ಷರದ ಅಳತೆಯನ್ನು ಸಮಿತಿಯ ನಿರ್ಣಯ ಪುಸ್ತಕದಲ್ಲಿ ಬರೆಸಿದರು. ಹೆಸರು ಬದಲಿಸಬೇಕೆಂದವರು ಮತ್ತೆ ಒಂದರಿಂದ ಎಣಿಸಬೇಕು. ಬೆಳೆದ ಸಂಖ್ಯೆಯನ್ನು ಕಳೆದುಕೊಳ್ಳಲು ಯಾರಿಗೆ ಮನಸ್ಸಾದೀತು?

ಈಗ ಮ್ಯಾಗಝಿನ್ ಪಿಡಿಎಫ್ ಆಗಿ ಫೋನಿಗೆ ಬರುತ್ತದೆ. ಚಿತ್ರಗಳು ನಮ್ಮ ಕಾಲದ್ದಕ್ಕಿಂತ ಎಷ್ಟೋ ಚೆನ್ನಾಗಿವೆ. ಆದರೆ ಕಳೆದ ಸಂಚಿಕೆಯಲ್ಲಿ ಸಂಪುಟ ಸಂಖ್ಯೆಯೇ ಇಲ್ಲ, ಕಡತದ ಹೆಸರಿನಲ್ಲಿ ‘ಪಯಸ್ವಿನಿ’ಯೂ ಇಲ್ಲ. ಮುಂದೆ ಹುಡುಕುವವರಿಗೆ ಅದು ಸಿಗುವುದಾದರೂ ಹೇಗೆ? ಈ ವರ್ಷದ ಸಂಪಾದಕರು ಅವೆರಡನ್ನೂ ಮರಳಿ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಅಕ್ಷರದ ಅಳತೆ ಬೇಕಿದ್ದರೆ ನಿರ್ಣಯ ಪುಸ್ತಕದಲ್ಲಿದೆ.