ಜೆಂಟಾ 36 ಗಂಟೆಗೊಂದೇ ಸಲ ಯಾಕೆ?

"ಮೇಡಮ್, ಸೆಪ್ಸಿಸ್ ಇರಬಹುದು ಅಂತ ಅನುಮಾನ ಇರೋ ನವಜಾತ ಮಗುಗೆ ಜೆಂಟಾಮೈಸಿನ್ 36 ಗಂಟೆಗೊಂದೇ ಸಲ ಕೊಟ್ರೆ ಸಾಲುತ್ತಾ?"

ಸಾಲುತ್ತೆ. ಜೆಂಟಾ ಬ್ಯಾಕ್ಟೀರಿಯಾನ ಎಷ್ಟು ಚೆನ್ನಾಗಿ ಕೊಲ್ಲುತ್ತೆ ಅನ್ನೋದು ರಕ್ತದಲ್ಲಿ ಅದರ ಮಟ್ಟ ಎಷ್ಟು ಮೇಲಕ್ಕೆ ಹೋಯ್ತು ಅನ್ನೋದ್ರ ಮೇಲೆ ನಿಂತಿರುತ್ತೆ, ಎಷ್ಟು ಹೊತ್ತು ಇತ್ತು ಅನ್ನೋದು ಅಷ್ಟು ಮುಖ್ಯ ಅಲ್ಲ. ಒಂದ್ಸಲ ಸರಿಯಾಗಿ ಏಟು ಬಿದ್ರೆ ಮಟ್ಟ ಇಳಿದ ಮೇಲೂ ಅವು ಸ್ವಲ್ಪ ಹೊತ್ತು ತಲೆ ಎತ್ತಲ್ಲ, ಜೊತೆಗೆ ಪೆನಿಸಿಲಿನ್ ಬೇರೆ ಹೋಗ್ತಾ ಇರುತ್ತೆ. ಕಿಡ್ನಿ, ಒಳಕಿವಿ ಕಥೆ ಉಲ್ಟಾ, ಅಲ್ಲಿ ಔಷಧಿ ಸದಾ ಸ್ವಲ್ಪ ಸ್ವಲ್ಪ ಉಳ್ಕೊಂಡ್ರೇನೇ ಜಾಸ್ತಿ ಸೇರ್ಕೊಳ್ಳೋದು.

ಈಗಷ್ಟೇ ಹುಟ್ಟಿದ ಮಗು ಮೈಯಲ್ಲಿ ನೀರಿನಂಶ ಜಾಸ್ತಿ, ಔಷಧಿ ಅಷ್ಟರಲ್ಲೂ ಹರಡಿ ತೆಳ್ಳಗಾಗುತ್ತೆ, ಅದಕ್ಕೇ ತೂಕಕ್ಕೆ ತಕ್ಕ ಡೋಸ್ ದೊಡ್ಡದು. ಕಿಡ್ನಿ ಇನ್ನೂ ಪಳಗಿಲ್ಲ, ಅದಕ್ಕೇ ಗ್ಯಾಪ್ ಉದ್ದ. ಬ್ರಿಟನ್ನಿನ ನೈಸ್ ಗೈಡ್‌ಲೈನ್ ಪ್ರಕಾರ ಶುರು ಮಾಡೋದು ಕೆಜಿಗೆ 5 ಮಿಲಿಗ್ರಾಂ, 36 ಗಂಟೆಗೊಂದ್ಸಲ. ಬೇರೆ ಕಡೆ ಚಾರ್ಟ್ ಬೇರೆ ಇರುತ್ತೆ, ಎಷ್ಟು ವಾರಕ್ಕೆ ಹುಟ್ತು ಅಂತ ನೋಡಿ 24, 36, 48 ಗಂಟೆ ಅಂತ ಬದಲಾಗುತ್ತೆ, ಒಂದು ಚಾರ್ಟ್‌ನ ಡೋಸ್‌ಗೆ ಇನ್ನೊಂದರ ಗ್ಯಾಪ್ ಮಾತ್ರ ಸೇರಿಸ್ಬೇಡಿ.

ಒಂದು ಲೆಕ್ಕ ನೋಡಿ. ತಿಂಗಳು ತುಂಬಿ ಹುಟ್ಟಿದ 3 ಕೆಜಿ ಮಗು, ಹುಟ್ಟುವಾಗ ಉಸಿರು ಕಟ್ಟಿತ್ತು. 15 ಮಿಲಿಗ್ರಾಂ ಹೋಯ್ತು, ಮಟ್ಟ ಲೀಟರ್‌ಗೆ ಹೆಚ್ಚೂಕಮ್ಮಿ 10 ಮಿಲಿಗ್ರಾಂ ತನಕ ಏರುತ್ತೆ. ಕಿಡ್ನಿ ಚೆನ್ನಾಗಿದ್ದು ಆರೇಳು ಗಂಟೆಗೊಮ್ಮೆ ಅರ್ಧ ಆಗ್ತಾ ಬಂದ್ರೆ 36 ಗಂಟೆಗೆ 1ಕ್ಕಿಂತ ಎಷ್ಟೋ ಕೆಳಗಿರ್ಬೇಕು. ಆದ್ರೆ ಎರಡನೇ ಡೋಸ್‌ಗೆ ಮುಂಚೆ ತೆಗೆದ ಸ್ಯಾಂಪಲ್‌ನಲ್ಲಿ 2.4 ಬಂತು, ಅಂದ್ರೆ ಅರ್ಧ ಆಗೋಕೆ ಹದಿನೇಳು ಗಂಟೆ ಹಿಡಿದಿದೆ, ಉಸಿರು ಕಟ್ಟಿದ್ದಕ್ಕೆ ಕಿಡ್ನಿ ನಿಧಾನ ಆಗಿದೆ. ಡೋಸ್‌ಗೆ ಮುಂಚಿನ ಮಟ್ಟ 2ರ ಕೆಳಗಿರ್ಬೇಕು, ಮೂರು ಡೋಸ್ ದಾಟಿದ್ರೆ 1ರ ಕೆಳಗೆ. ಡೋಸ್ ಕಮ್ಮಿ ಮಾಡೋಣ್ವಾ ಅಂತ ಎಲ್ರಿಗೂ ಮೊದ್ಲು ಅನ್ಸುತ್ತೆ, ಮಾಡ್ಬೇಡಿ, ಹಾಗೆ ಮಾಡಿದ್ರೆ ಏಟೇ ಸಣ್ಣದಾಗುತ್ತೆ. ಡೋಸ್ ತಡೆದು 12 ಗಂಟೆ ಬಿಟ್ಟು ಮತ್ತೆ ನೋಡಿ, 1.4 ಬಂದ್ರೆ ಇಳೀತಾ ಇದೆ ಅಂತ ಅರ್ಥ, ಆಗ ಅದೇ 15 ಮಿಲಿಗ್ರಾಂ, ಗ್ಯಾಪ್ ಉದ್ದ.

ಲೆವೆಲ್ ರಿಪೋರ್ಟ್ ಇನ್ನೂ ಬಂದಿಲ್ಲ ಅಂತ ಡೋಸ್ ನಿಲ್ಲಿಸೋ ಹಾಗಿಲ್ಲ, ಮೂತ್ರ ಕಮ್ಮಿಯಾಗಿದ್ರೋ ಕ್ರಿಯಾಟಿನಿನ್ ಏರ್ತಾ ಇದ್ರೋ ಮಾತ್ರ ಕಾಯ್ಬೇಕು. ಮೊದಲೆರಡು ದಿನದ ಕ್ರಿಯಾಟಿನಿನ್‌ನಲ್ಲಿ ಅಮ್ಮಂದೂ ಸೇರಿರುತ್ತೆ, ಅದಕ್ಕೇ ನಾನು ಡೈಪರ್ ತೂಕಾನೇ ಮೊದ್ಲು ಕೇಳೋದು.

ಒಂದ್ಸಲ ಡೋಸ್‌ಗೆ ಮುಂಚಿನ ಲೆವೆಲ್ 14 ಅಂತ ಬಂತು, ಎಲ್ರಿಗೂ ಗಾಬರಿ, ಮಗು ನೋಡಿದ್ರೆ ಚೆನ್ನಾಗಿ ಮೂತ್ರ ಮಾಡ್ಕೊಂಡು ಮಲಗಿದೆ. ಕೇಳಿದ್ರೆ ಜೆಂಟಾ ಹೋದ ಅದೇ ಲೈನ್‌ನಿಂದ ರಕ್ತ ತೆಗೆದಿದ್ರು! ಬೇರೆ ಕಡೆಯಿಂದ ತೆಗೆದು ಕಳಿಸಿದ್ವಿ, 0.8.

ಎರಡನೇ ಡೋಸ್ ಹೊತ್ತಿಗೆ 36 ಗಂಟೆಯ ರಕ್ತದ ಕಲ್ಚರ್ ನೆಗೆಟಿವ್ ಬಂದು, ಸಿಆರ್‌ಪಿನೂ ಸರಿಯಿದ್ದು ಮಗು ಚೆನ್ನಾಗಿದ್ರೆ ಆ ಡೋಸೇ ಬೇಕಾಗಲ್ಲ.