ಎಣ್ಣೆ ಲೇಬಲ್ಲಿಗೆ ಶೇಂಗಾ ಗಿಡ: ಅಡ್ವಾನ್ಸ್‌ಗೆ ಮುಂಚೆ ಕ್ಲೈಂಟ್‌ಗೆ ಬರೆದ ಪತ್ರ

ಎಐನಲ್ಲಿ ಕರಡು ತೆಗೆದು ಆಮೇಲೆ ಕೈಯಲ್ಲಿ ಚಿತ್ರ ಬರೆಯುವಾಗ, ಯಾವ ಮಾತನ್ನು ಯಾವ ಹಂತದಲ್ಲಿ ಹೇಳಬೇಕು ಅನ್ನುವುದು ಕ್ಲೈಂಟ್‌ಗೆ ಮೊದಲೇ ಗೊತ್ತಿರಬೇಕು. ಚಳ್ಳಕೆರೆಯ ಮರಗಾಣದ ಎಣ್ಣೆಯವರೊಬ್ಬರಿಗೆ ಬರೆದ ಪತ್ರ ಇದು. ಹೆಸರು ತೆಗೆದು ಹಾಕಿದ್ದೇನೆ. ಇದೇ ಕೆಲಸ ಮಾಡುವವರು ತಮ್ಮ ಅಳತೆ, ದರಕ್ಕೆ ತಕ್ಕಂತೆ ಬದಲಿಸಿಕೊಂಡು ಬಳಸಬಹುದು.

ಸರ್, ನಮಸ್ಕಾರ.

ಒಂದು ಲೀಟರ್ ಬಾಟಲಿಯ ಲೇಬಲ್ಲಿಗೆ ಚಿತ್ರ ಬೇಕು ಎಂದಿರಿ. ಲೇಬಲ್ ಅಳತೆ 24 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. ಅದರಲ್ಲಿ ಮುಂಭಾಗ ಮತ್ತು ಎಡಬದಿ ಸೇರಿ 16 ಸೆಂ.ಮೀ. ಚಿತ್ರಕ್ಕೆ, ಉಳಿದ 8 ಸೆಂ.ಮೀ. ನೀವು ಕೊಡುವ ವಿವರಗಳಿಗೆ. ಸಸ್ಯಾಹಾರದ ಹಸಿರು ಗುರುತು ಮುಂಭಾಗದಲ್ಲೇ ಬರಬೇಕಾದ್ದರಿಂದ ಅಲ್ಲಿ ಮೊದಲೇ ಜಾಗ ಬಿಡುತ್ತೇನೆ. ಎಫ್‌ಎಸ್‌ಎಸ್‌ಎಐ ಲೋಗೋ ಮತ್ತು ನಿಮ್ಮ 14 ಅಂಕಿಯ ಲೈಸೆನ್ಸ್ ನಂಬರ್ ಉಳಿದ ಭಾಗಕ್ಕೆ ಹೋಗುತ್ತವೆ.

ಫೋನಿನಲ್ಲಿ ನೀವು ಕೇಳಿದ ಚಿತ್ರದಲ್ಲಿ ಎತ್ತು ಗಾಣ ತಿರುಗಿಸುತ್ತಿತ್ತು. ಆದರೆ ನಿಮ್ಮ ಗಾಣ ಓಡುವುದು ಮೋಟಾರಿನಿಂದ. ಒರಳು ಮರದ್ದೇ, ಎಣ್ಣೆಯೂ ಮರಗಾಣದ್ದೇ, ಅದನ್ನು ಧೈರ್ಯವಾಗಿ ಹೇಳಬಹುದು. ಎತ್ತು ಬರೆದರೆ ಮಾತ್ರ ಕೊಳ್ಳುವವರು ಎತ್ತಿನ ಗಾಣ ಅಂತಲೇ ತಿಳಿಯುತ್ತಾರೆ. ಲೇಬಲ್ ಕುರಿತ 2020ರ ಆಹಾರ ಸುರಕ್ಷತಾ ನಿಯಮಗಳು ಕೊಳ್ಳುವವರನ್ನು ದಾರಿ ತಪ್ಪಿಸುವ ಲೇಬಲ್ಲಿಗೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಎತ್ತು ಬೇಡ. ಮಣ್ಣಿನೊಳಗಿನ ಕಾಯಿಯೂ ಕಾಣುವಂತೆ ಬರೆದ ಒಂದು ಶೇಂಗಾ ಗಿಡ, ಪಕ್ಕದಲ್ಲಿ ಮರದ ಒರಳು, ಇಷ್ಟು ಇರಲಿ ಅನ್ನುವುದು ನನ್ನ ಸಲಹೆ. ಮುಂದೆ ಬರೆದಿರುವುದೆಲ್ಲ ಈ ಚಿತ್ರವನ್ನೇ ಇಟ್ಟುಕೊಂಡು.

ಕೆಲಸ ಎರಡು ಭಾಗದಲ್ಲಿ ನಡೆಯುತ್ತದೆ. ಮೊದಲ ಭಾಗದಲ್ಲಿ, ಚಿತ್ರದಲ್ಲಿ ಏನೇನು ಎಲ್ಲೆಲ್ಲಿ ಕೂರಬೇಕು ಅನ್ನುವುದನ್ನು ಬೇಗ ನೋಡಲು ಎಐ ಸಾಫ್ಟ್‌ವೇರಿಗೆ ಪ್ರಾಂಪ್ಟ್, ಅಂದರೆ ಬೇಕಾದ ಚಿತ್ರವನ್ನು ಪದಗಳಲ್ಲಿ ಬರೆದು ಕೊಟ್ಟು ಕರಡು ತೆಗೆಯುತ್ತೇನೆ. ಎರಡನೇ ಭಾಗದಲ್ಲಿ, ನೀವು ಒಪ್ಪಿದ ಕರಡನ್ನು ಮುಂದಿಟ್ಟುಕೊಂಡು ಅಸಲಿ ಚಿತ್ರವನ್ನು ನಾನೇ ಬರೆಯುತ್ತೇನೆ. ಲೇಬಲ್ ಮೇಲೆ ಅಚ್ಚಾಗುವುದು ಈ ಎರಡನೆಯದು ಮಾತ್ರ. ಕರಡನ್ನೇ ಯಾಕೆ ಅಚ್ಚು ಹಾಕಬಾರದು ಅಂದರೆ, ಅಂಥ ಚಿತ್ರ ಹಲವು ಸಾಫ್ಟ್‌ವೇರ್‌ಗಳಲ್ಲಿ ಒಂದು ಬದಿಗೆ 1024 ಪಿಕ್ಸೆಲ್ ಆಸುಪಾಸಿನಲ್ಲಿ ಬರುತ್ತದೆ. ಅಚ್ಚಿಗೆ ಬೇಕಾದ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಈ ಲೆಕ್ಕದಲ್ಲಿ ಅದು 8.7 ಸೆಂ.ಮೀ.ಗೆ ಮುಗಿದುಹೋಗುತ್ತದೆ. ನಮಗೆ ಬೇಕಿರುವುದು 16. ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿದರೆ ಇಲ್ಲದ ವಿವರವನ್ನು ಅದು ತಾನೇ ಊಹಿಸಿ ತುಂಬುತ್ತದೆ, ಶೇಂಗಾ ಸಿಪ್ಪೆಯ ಮೇಲಿನ ಜಾಲದ ಗೆರೆಗಳು ಮೊಸಳೆಯ ಚರ್ಮದಂತೆ ಕಾಣತೊಡಗುತ್ತವೆ. ಅದಕ್ಕಿಂತ ದೊಡ್ಡ ಕಾರಣ ಗಿಡದ ಸ್ವರೂಪ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಮೊದಲ ಮಾತನ್ನು ಹಾಗೆಯೇ ಇಂಗ್ಲಿಷಿಗೆ ಹಾಕಿದರೆ ಪ್ರಾಂಪ್ಟ್ ಹೀಗಿರುತ್ತದೆ:

```
groundnut plant, wooden oil press, village background,
traditional Indian style
```

ಇದಕ್ಕೆ ಬರುವ ಚಿತ್ರದಲ್ಲಿ ಶೇಂಗಾ ಕಾಯಿ ರೆಂಬೆಯಿಂದ ಹಣ್ಣಿನಂತೆ ಜೋತುಬಿದ್ದಿರುತ್ತದೆ. ಗಾಣದ ಜಾಗದಲ್ಲಿ ಆಲಿವ್ ಅರೆಯುವ ಕಲ್ಲಿನ ಚಕ್ರ ಕೂರುತ್ತದೆ. ಹಿಂದೆ ತೆಂಗಿನ ತೋಟ, ಗುಡಿಸಲು. ಚಳ್ಳಕೆರೆಯ ಬಯಲಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಈ ಸಾಫ್ಟ್‌ವೇರ್‌ಗಳು ಕಲಿತಿರುವುದು ಕೋಟ್ಯಂತರ ಫೋಟೊ ಮತ್ತು ಅವುಗಳ ಜೊತೆಗಿದ್ದ ಬರಹದಿಂದ. ತಟ್ಟೆಯಲ್ಲಿಟ್ಟ ಹುರಿದ ಶೇಂಗಾ, ಯುರೋಪಿನ ಎಣ್ಣೆ ಗಾಣ, ಪ್ರವಾಸಿಗರು ತೆಗೆದ ಹಳ್ಳಿಯ ಫೋಟೊ ಅದರಲ್ಲಿ ಹೇರಳ. ಮಣ್ಣಿನಿಂದ ಕಿತ್ತ ಗಿಡ, ನಮ್ಮ ಮರದ ಒರಳು ಅಪರೂಪ. ಯಾವುದು ಹೆಚ್ಚಿತ್ತೋ ಅದನ್ನೇ ಅದು ತಂದು ಕೂರಿಸುತ್ತದೆ.

ಆದ್ದರಿಂದ ಪ್ರಾಂಪ್ಟಿನಲ್ಲಿ ಹೆಸರು ಹೇಳಿದರೆ ಸಾಲದು, ಕಣ್ಣಿಗೆ ಕಾಣುವುದನ್ನು ಹೇಳಬೇಕು. ಶೇಂಗಾದ ಹಳದಿ ಹೂ ಬುಡದ ಹತ್ತಿರ ಬಿಡುತ್ತದೆ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆ ಕೆಳಗೆ ಬಾಗಿ ಮಣ್ಣಿನೊಳಗೆ ಹೋಗುತ್ತದೆ, ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಇದನ್ನೇ ಪ್ರಾಂಪ್ಟಿಗೆ ತಂದಾಗ:

```
botanical drawing, one groundnut plant, yellow flowers near base,
thin pegs curving down into red soil, pods only below soil line,
cut-away soil, plain cream background
```

ಈ ಬಾರಿ ಕಾಯಿ ಮಣ್ಣಿನೊಳಗೆ ಇಳಿಯುತ್ತದೆ, ಗಿಡದ ಜೋಡಣೆ ಸಿಗುತ್ತದೆ. ಆದರೂ ಎಲೆ ಎಣಿಸಿ ನೋಡಿ. ಶೇಂಗಾದ ಒಂದು ತೊಟ್ಟಿಗೆ ನಾಲ್ಕು ಎಲೆ, ಎರಡೆರಡರ ಜೋಡಿ. ಕರಡಿನಲ್ಲಿ ಮೂರು ಇರಬಹುದು, ಐದೂ ಇರಬಹುದು, ಒಂದೇ ಗಿಡದಲ್ಲಿ ಎರಡೂ ಇರಬಹುದು. ಪ್ರಾಂಪ್ಟಿನಲ್ಲಿ ನಾಲ್ಕು ಎಂದು ಬರೆದರೂ ಪ್ರತಿ ತೊಟ್ಟಿನಲ್ಲೂ ಅದು ಪಾಲನೆಯಾಗುತ್ತದೆ ಅನ್ನುವ ಖಾತ್ರಿಯಿಲ್ಲ, ಎಣಿಕೆ ಈ ಸಾಫ್ಟ್‌ವೇರ್‌ಗಳ ಹಿಡಿತಕ್ಕೆ ಸಿಗುವುದು ಕಷ್ಟ. ಕಾಯಿಯದೂ ಅದೇ ಕಥೆ. ನಿಮ್ಮ ರೈತರು ಬೆಳೆಯುವ ಟಿಎಂವಿ-2 ತಳಿಯ ಕಾಯಲ್ಲಿ ಸಾಮಾನ್ಯವಾಗಿ ಎರಡು ಬೀಜ, ನಡುವೆ ಒಂದೇ ಸೊಂಟ. ಕರಡಿನಲ್ಲಿ ಮೂರು ನಾಲ್ಕು ಉಬ್ಬಿನ ಕಾಯಿ ಬರಬಹುದು. ಪೇಟೆಯ ಗಿರಾಕಿ ಇದನ್ನು ಗಮನಿಸದಿರಬಹುದು. ಶೇಂಗಾ ಬೆಳೆದವರು ಒಂದೇ ನೋಟಕ್ಕೆ ಹಿಡಿಯುತ್ತಾರೆ, ನಿಮ್ಮ ಎಣ್ಣೆಗೆ ಒಳ್ಳೆಯ ಮಾತು ಹೇಳಬೇಕಾದವರೂ ಅವರೇ.

ಇದಕ್ಕೆ ನಿಮ್ಮಿಂದ ಒಂದು ಸಹಾಯ ಬೇಕು. ಈಗ ಅಕ್ಟೋಬರ್, ಮುಂಗಾರಿಗೆ ಬಿತ್ತಿದ ಶೇಂಗಾ ಕೀಳುವ ಕಾಲ. ಒಂದು ಗಿಡ ಕಿತ್ತು, ಮಣ್ಣು ಒದರಿ, ಬಿಳಿ ಪಂಚೆಯ ಮೇಲೆ ಹರಡಿ ಮೇಲಿನಿಂದ ಒಂದು ಫೋಟೊ, ಕೈಯಲ್ಲಿ ನೇರವಾಗಿ ಹಿಡಿದು ಬದಿಯಿಂದ ಒಂದು, ಕಾಯಿಯ ಗೊಂಚಲು ಹತ್ತಿರದಿಂದ ಒಂದು ತೆಗೆಯಿರಿ. ನಿಮ್ಮ ಗಾಣದ ಒರಳಿನದೂ ಎದುರಿನಿಂದ, ಮೇಲಿನಿಂದ ಒಂದೊಂದು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಒಂದು ತಿಂಗಳು ತಡವಾದರೆ ಹೊಲದಲ್ಲಿ ಗಿಡ ಇರುವುದಿಲ್ಲ.

ಇನ್ನು ತಿದ್ದುಪಡಿಯ ಸುತ್ತುಗಳು. ಮೂರು ಸುತ್ತು ಇರುತ್ತವೆ, ಒಂದೊಂದರಲ್ಲಿ ಒಂದೊಂದು ವಿಷಯ ಗಟ್ಟಿಯಾಗುತ್ತದೆ.

ಮೊದಲ ಸುತ್ತಿನಲ್ಲಿ ನಾಲ್ಕು ಕರಡು ಕಳಿಸುತ್ತೇನೆ. ಆಗ ನೋಡಬೇಕಾದ್ದು ಏನಿದೆ, ಎಲ್ಲಿದೆ, ಎಷ್ಟು ದೊಡ್ಡದಿದೆ ಅನ್ನುವುದನ್ನು ಮಾತ್ರ. ಎಲೆ ತಪ್ಪಿದ್ದರೆ ಆಗ ಚಿಂತೆ ಬೇಡ. ಗಿಡ ಎಡಕ್ಕಿರಲಿ, ಒರಳು ಚಿಕ್ಕದಾಗಲಿ, ಮಣ್ಣು ಕಾಣಲಿ, ಇಂಥ ಮಾತು ಎಷ್ಟು ಬೇಕಾದರೂ ಹೇಳಿ. ಇಲ್ಲಿ ಒಂದು ವಿಷಯ ತಿಳಿದಿರಲಿ: ಪ್ರಾಂಪ್ಟಿನಲ್ಲಿ ಒಂದು ಪದ ಬದಲಿಸಿದರೆ ಆ ಪದಕ್ಕೆ ಸೇರಿದ ಜಾಗ ಮಾತ್ರ ಬದಲಾಗುವುದಿಲ್ಲ, ಇಡೀ ಚಿತ್ರ ಮತ್ತೆ ಹುಟ್ಟುತ್ತದೆ. ಚಿತ್ರ ಎಲ್ಲಿಂದ ಶುರುವಾಗಬೇಕು ಅನ್ನುವುದನ್ನು ನಿರ್ಧರಿಸುವ ಸೀಡ್ ಎಂಬ ಸಂಖ್ಯೆಯನ್ನು ಹಿಡಿದಿಟ್ಟರೆ ಅದೇ ಪ್ರಾಂಪ್ಟಿಗೆ ಅದೇ ಚಿತ್ರ ಮರಳಿ ಸಿಗುತ್ತದೆ, ಆದರೆ ಪದ ಬದಲಾದರೆ ಸೀಡ್ ಇದ್ದರೂ ಚಿತ್ರ ಕದಲುತ್ತದೆ. “ಎರಡನೆಯದರ ಗಿಡ, ಮೂರನೆಯದರ ಒರಳು” ಎಂದು ನೀವು ಹೇಳಿದರೆ ಅದನ್ನು ಪ್ರಾಂಪ್ಟಿನಿಂದ ತರಲು ಹೋಗುವುದಿಲ್ಲ, ಎರಡನ್ನೂ ಕತ್ತರಿಸಿ ಜೋಡಿಸಿ, ಅದರ ಮೇಲೆ ನಾನೇ ಗೆರೆ ಎಳೆಯುತ್ತೇನೆ. ಹಾಗೆಯೇ “ತೆಂಗಿನ ಮರ ಬೇಡ” ಅನ್ನುವುದನ್ನು ಪ್ರಾಂಪ್ಟಿನಲ್ಲಿ ಬರೆದರೆ ತೆಂಗಿನ ಮರ ಬಂದುಬಿಡುವ ಸಂಭವವೂ ಇದೆ. ಬೇಡದ್ದನ್ನು ನೀವು ನನಗೆ ಹೇಳಿ, ಅದರ ಬದಲು ಅಲ್ಲಿ ಏನಿರಬೇಕು ಅನ್ನುವುದನ್ನು ಪ್ರಾಂಪ್ಟಿನಲ್ಲಿ ನಾನು ಬರೆಯುತ್ತೇನೆ.

ಸ್ಟಿಕರ್ ಯಾವುದು ಅನ್ನುವುದೂ ಈ ಸುತ್ತಿನಲ್ಲೇ ತೀರ್ಮಾನವಾಗಬೇಕು. ಪಾರದರ್ಶಕ ಸ್ಟಿಕರ್ ಚೆನ್ನಾಗಿ ಕಾಣುತ್ತದೆ ಎಂದು ನಿಮ್ಮ ಅಪ್ಪಾಜಿ ಹೇಳಿದರಲ್ಲ, ಅದರಲ್ಲಿ ಎಣ್ಣೆಯ ಹಳದಿ ಚಿತ್ರದ ಹಿಂದಿನಿಂದ ತೂರಿ ಬರುತ್ತದೆ. ಕೆನೆ ಬಣ್ಣದ ಹಿನ್ನೆಲೆ ಕಾಣದಾಗುತ್ತದೆ, ಹಳದಿ ಹೂ ಎಣ್ಣೆಯಲ್ಲೇ ಬೆರೆತುಹೋಗುತ್ತದೆ, ಎಲೆಯ ಹಸಿರು ಹಳದಿಗೆ ತಿರುಗುತ್ತದೆ. ಪಾರದರ್ಶಕವೇ ಬೇಕಿದ್ದರೆ ಚಿತ್ರದ ಕೆಳಗೆ ಬಿಳಿ ಶಾಯಿಯ ಒಂದು ಪದರ ಬೇಕು, ಪ್ರಿಂಟರ್‌ನವರು ಅದಕ್ಕೆ ಬೇರೆ ದರ ಹಾಕುತ್ತಾರೆ. ಬಿಳಿ ಸ್ಟಿಕರ್ ಆದರೆ ಈ ತೊಂದರೆ ಇಲ್ಲ. ನನ್ನ ಮತ ಬಿಳಿಯದಕ್ಕೆ.

ಎರಡನೇ ಸುತ್ತಿನಲ್ಲಿ ನಾನು ಬರೆದ ಕಪ್ಪು ಗೆರೆಯ ಚಿತ್ರ ಬರುತ್ತದೆ. ಪ್ರಾಂಪ್ಟಿನ ಕೆಲಸ ಅಲ್ಲಿಗೆ ಮುಗಿದಿರುತ್ತದೆ. ಎಲೆ ನಾಲ್ಕಿವೆಯೇ, ಎಳೆಗಳು ಮಣ್ಣಿಗೆ ಇಳಿದಿವೆಯೇ, ಒರಳಿನ ಬಾಯಿ, ಎಣ್ಣೆ ಇಳಿಯುವ ತೂತು ಸರಿಯಾದ ಜಾಗದಲ್ಲಿವೆಯೇ ಎಂದು ನೋಡುವ ಸುತ್ತು ಇದು. ಚಿತ್ರವನ್ನು ಗಾಣದಲ್ಲಿ ಕೆಲಸ ಮಾಡುವವರಿಗೂ ತೋರಿಸಿ. ಗೆರೆಯ ತಿದ್ದುಪಡಿ ಇಲ್ಲಿ ಅರ್ಧ ದಿನದ ಕೆಲಸ. ಅದೇ ತಿದ್ದುಪಡಿ ಬಣ್ಣ ತುಂಬಿದ ಮೇಲೆ ಬಂದರೆ ಎರಡು ದಿನ.

ಮೂರನೆಯದು ಬಣ್ಣ ಮತ್ತು ಅಕ್ಷರ. ಮೊಬೈಲ್ ಪರದೆಯಲ್ಲಿ ಮಿಂಚುವ ಹಸಿರು ನಾಲ್ಕು ಬಣ್ಣದ ಅಚ್ಚಿನಲ್ಲಿ ಮಂಕಾಗುತ್ತದೆ. ಅದಕ್ಕೇ ಬಣ್ಣವನ್ನು ಮೊಬೈಲಿನಲ್ಲಿ ಒಪ್ಪಬೇಡಿ, ಅದೇ ಸ್ಟಿಕರ್ ಹಾಳೆಯ ಮೇಲೆ ಒಂದು ಪ್ರೂಫ್ ತೆಗೆಸಿ, ಎಣ್ಣೆ ತುಂಬಿದ ಬಾಟಲಿಗೆ ಸುತ್ತಿ, ಬಿಸಿಲಿನಲ್ಲೊಮ್ಮೆ ಅಂಗಡಿಯ ದೀಪದಲ್ಲೊಮ್ಮೆ ನೋಡಿ ಹೇಳಿ. ಎಐ ಕರಡಿನಲ್ಲಿ ಕನ್ನಡ ಅಕ್ಷರ ಕಂಡರೆ ಅದನ್ನು ಓದಲು ಹೋಗಬೇಡಿ, ಒತ್ತಕ್ಷರಗಳು ಅನೇಕ ಸಲ ಕಲಸಿರುತ್ತವೆ. ಹೆಸರು, ಬರಹ ಎಲ್ಲವನ್ನೂ ನಾನು ಬೇರೆಯಾಗಿ ಜೋಡಿಸುತ್ತೇನೆ. ಬರಹವನ್ನು ಯುನಿಕೋಡ್‌ನಲ್ಲಿ ಕಳಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ನನ್ನ ಕಡೆ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತದೆ.

ಒಂದು ಸುತ್ತು ಅಂದರೆ ಮನೆಯವರೆಲ್ಲರ ಅಭಿಪ್ರಾಯ ಸೇರಿಸಿ ನೀವೊಬ್ಬರೇ ಕಳಿಸುವ ಒಂದು ಸಂದೇಶ. ಅಪ್ಪಾಜಿಯವರದು ಬೆಳಿಗ್ಗೆ, ತಮ್ಮನವರದು ರಾತ್ರಿ ಎಂದು ಬಿಡಿಬಿಡಿಯಾಗಿ ಬಂದರೆ ಒಂದು ಇನ್ನೊಂದಕ್ಕೆ ಹೊಡೆಯುತ್ತದೆ, ಯಾವುದನ್ನು ಪಾಲಿಸಬೇಕೋ ತಿಳಿಯುವುದಿಲ್ಲ. ಉದಾಹರಣೆಗೆ, ಗಿಡದ ಪಕ್ಕ ಕಾಯಿಯ ಒಂದು ರಾಶಿಯೂ ಇರಲಿ ಅನ್ನುವ ಯೋಚನೆ ಮೊದಲ ಸುತ್ತಿನಲ್ಲಿ ಬಂದರೆ ನನಗೆ ಹತ್ತು ನಿಮಿಷದ ಕೆಲಸ. ಮೂರನೇ ಸುತ್ತಿನಲ್ಲಿ ಬಂದರೆ ಒರಳು ಸರಿಯಬೇಕು, ಗಿಡ ಕುಗ್ಗಬೇಕು, ಹಸಿರು ಗುರುತಿನ ಜಾಗ ಬದಲಾಗಬೇಕು. ಹೀಗೆ ಮುಗಿದ ಸುತ್ತಿಗೆ ಮರಳುವ ಬದಲಾವಣೆಗೆ ಒಟ್ಟು ಮೊತ್ತದ ಶೇ. 15 ಹೆಚ್ಚುವರಿ ಆಗುತ್ತದೆ. ನನ್ನ ಕಡೆಯ ತಪ್ಪು ಎಷ್ಟು ಸಲ ತಿದ್ದಿದರೂ ಅದಕ್ಕೆ ದುಡ್ಡಿಲ್ಲ.

ನೀವೇ ಯಾವುದಾದರೂ ಆ್ಯಪಿನಲ್ಲಿ ಚಿತ್ರ ಮಾಡಿ ಕಳಿಸಿದರೂ ಬೇಸರವಿಲ್ಲ. “ಹೀಗೇ ಮಾಡಿ” ಅನ್ನುವ ಬದಲು ಅದರಲ್ಲಿ ಹಿಡಿಸಿದ್ದು ಬಣ್ಣವೋ, ಜೋಡಣೆಯೋ ಎಂದು ಒಂದು ಸಾಲು ಬರೆಯಿರಿ.

ಹಣ ಮೂರು ಕಂತು: ಶುರುವಿಗೆ ಶೇ. 40, ಗೆರೆಯ ಚಿತ್ರ ಒಪ್ಪಿದಾಗ ಶೇ. 30, ಅಚ್ಚಿನ ಫೈಲ್ ಕೊಡುವ ಮುಂಚೆ ಉಳಿದ ಶೇ. 30. ಚಿತ್ರದ ಹಕ್ಕನ್ನು ನಿಮಗೆ ಬರೆದುಕೊಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಬರಹದಲ್ಲೇ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಲೆಕ್ಕ, ಆದ್ದರಿಂದ ಪೂರ್ತಿ ಅವಧಿಗೆ ಎಂದು ಸ್ಪಷ್ಟವಾಗಿ ಬರೆಯೋಣ. ಎಐ ಕರಡುಗಳು ಈ ಹಕ್ಕಿನಲ್ಲಿ ಸೇರುವುದಿಲ್ಲ, ಅವನ್ನು ಬ್ಯಾನರಿಗೂ ಸ್ಟೇಟಸ್ಸಿಗೂ ಬಳಸಬೇಡಿ.

ಗಿಡದ ಮೂರು ಫೋಟೊ, ಒರಳಿನ ಎರಡು, ಸ್ಟಿಕರ್ ಯಾವುದು ಎಂಬ ತೀರ್ಮಾನ, ಸಂದೇಶ ಕಳಿಸುವವರು ಯಾರು ಎಂಬ ಹೆಸರು, ಇವು ಬಂದ ಮೂರನೇ ದಿನ ನಾಲ್ಕು ಕರಡು ನಿಮ್ಮ ಕೈಯಲ್ಲಿರುತ್ತವೆ.

ಇಂತಿ ನಿಮ್ಮ,
ಚಿತ್ರಕಾರ, ದಾವಣಗೆರೆ