ಪ್ರಿಯ ಕೆ., ಪ್ರಿಯ ಡಾ., ಪ್ರಿಯ ಶ್ರೀಮತಿ

ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಆಹ್ವಾನ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಪಟ್ಟಿಯಲ್ಲಿ 386 ಜನ. ನಿವೃತ್ತರಾದ ಮೇಷ್ಟ್ರೊಬ್ಬರು ಎಕ್ಸೆಲ್‌ನಲ್ಲಿ ಎಲ್ಲರ ಹೆಸರನ್ನೂ ಕನ್ನಡದಲ್ಲೇ ಟೈಪ್ ಮಾಡಿಟ್ಟಿದ್ದರು, ಪಕ್ಕದಲ್ಲಿ ಇಮೇಲ್. ಎಲ್ಲರಿಗೂ "ಸ್ನೇಹಿತರೇ" ಅಂತ ಒಂದೇ ಪತ್ರ ಹೋದರೆ ಏನು ಚೆಂದ, ಹೆಸರು ಹಿಡಿದು ಕರೆಯೋಣ ಅಂದುಕೊಂಡೆ. ವರ್ಡ್‌ನ ಮೇಲ್ ಮರ್ಜ್ ಬರುತ್ತಿತ್ತು. ಅದೇ ಎಡವಟ್ಟಾಯಿತು.

ಪತ್ರ "ಪ್ರಿಯ" ಅಂತ ಶುರುವಾಗಬೇಕು, ಮುಂದೆ ಹೆಸರು. ಪೂರ್ತಿ ಹೆಸರು ಉದ್ದವಾಯಿತು ಅನಿಸಿ, ಎಕ್ಸೆಲ್‌ನ Text to Columns ಬಳಸಿ ಹೆಸರನ್ನು ಸ್ಪೇಸ್ ಇದ್ದಲ್ಲೆಲ್ಲ ತುಂಡು ಮಾಡಿದೆ. ಮೊದಲ ತುಂಡಿಗೆ First_Name ಅಂತ ತಲೆಬರಹ ಕೊಟ್ಟು ಪತ್ರಕ್ಕೆ ಸೇರಿಸಿದೆ. Preview Results ಒತ್ತಿ ಮೂರು ಪತ್ರ ನೋಡಿದೆ. ಪ್ರಿಯ ಅನಿತಾ, ಪ್ರಿಯ ಬಸವರಾಜ, ಪ್ರಿಯ ಗಿರಿಜಾ. ಸರಿಯಾಗಿದೆ ಅಲ್ವಾ ಅಂತ ಕಳಿಸಿಬಿಟ್ಟೆ.

ಹತ್ತು ನಿಮಿಷಕ್ಕೆ ಮೊದಲ ಫೋನು. ನನ್ನದೇ ಬೆಂಚಿನ ಗೆಳೆಯ. ಪಟ್ಟಿಯಲ್ಲಿ ಅವನು ಕೆ. ಎಸ್. ರಮೇಶ್ (ಇಲ್ಲಿನ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ). ಅವನಿಗೆ ಹೋದದ್ದು "ಪ್ರಿಯ ಕೆ.". "ಏನಪ್ಪಾ, ಅಷ್ಟೇನಾ ನಾನು?" ಅಂದ. ನಗುತ್ತಲೇ Sent ಫೋಲ್ಡರ್ ತೆರೆದೆ. ನಗು ನಿಂತಿತು. ಪ್ರಿಯ ಎಚ್., ಪ್ರಿಯ ಡಾ., ಪ್ರಿಯ ಶ್ರೀಮತಿ. ಹೆಸರೇ ಇಲ್ಲದೆ ಬರೀ ಇಮೇಲ್ ಇದ್ದ 14 ಸಾಲುಗಳಿಗೆ "ಪ್ರಿಯ" ಆದಮೇಲೆ ಒಂದು ಅಲ್ಪವಿರಾಮ, ಅಷ್ಟೇ. ತಮಾಷೆ ಅಂದರೆ, ಮೇಷ್ಟ್ರು ಸ್ಪೇಸ್ ಕೊಡದೆ "ಕೆ.ವಿ.ಸುರೇಶ್" ಅಂತ ಒತ್ತೊತ್ತಾಗಿ ಟೈಪ್ ಮಾಡಿದ್ದವರಿಗೆ ಮಾತ್ರ ಪೂರ್ತಿ ಹೆಸರು ಹೋಗಿತ್ತು.

ಒಂದು ಪತ್ರಕ್ಕೆ ಮಾತ್ರ ಈಗಲೂ ಮನಸ್ಸು ಕುಟುಕುತ್ತದೆ. ತೀರಿಕೊಂಡವರ ಹೆಸರಿನ ಹಿಂದೆ ಮೇಷ್ಟ್ರು "ದಿ." ಅಂತ ಸೇರಿಸಿದ್ದರು, ಪಟ್ಟಿಯಿಂದ ತೆಗೆದಿರಲಿಲ್ಲ. ಅಂಥವರೊಬ್ಬರ ಮುಂದೆ ಇದ್ದದ್ದು ಮಗಳ ಇಮೇಲ್. ಆಕೆಗೆ "ಪ್ರಿಯ ದಿ." ಅಂತ ಹೋಯಿತು. ಆಕೆ ಉತ್ತರ ಬರೆಯಲಿಲ್ಲ. ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ.

ಹೆಸರಿಲ್ಲದಿದ್ದರೆ ವರ್ಡ್ ತಾನೇ ಸಂಭಾಳಿಸಬೇಕಿತ್ತಲ್ಲ ಅಂತ ಆಮೇಲೆ ಹುಡುಕಿದೆ. Greeting Line ಅನ್ನುವ ಸೌಲಭ್ಯದಲ್ಲಿ, ಹೆಸರು ಸಿಗದಿದ್ದರೆ ಏನು ಹಾಕಬೇಕು ಅಂತ ಹೇಳಿಡಲು ಜಾಗ ಇದೆ. ನಾನು ಅದನ್ನು ಬಿಟ್ಟು ನೇರವಾಗಿ ಕಾಲಮ್ ಸೇರಿಸಿದ್ದೆ. ಬಳಸಿದ್ದರೂ ಖಾಲಿ ಇದ್ದ ಆ 14 ಪತ್ರ ಉಳಿಯುತ್ತಿದ್ದವು, ರಮೇಶ ಉಳಿಯುತ್ತಿರಲಿಲ್ಲ. "ಕೆ." ಖಾಲಿ ಅಲ್ಲವಲ್ಲ! ವರ್ಡ್ ಪಾಲಿಗೆ ಅದೂ ಒಂದು ಹೆಸರೇ.

ಮೊದಲ ಪದದ ಬದಲು ಕೊನೆಯ ಪದ ತಗೋ ಅಂದರು ಒಬ್ಬರು. ರಮೇಶನಿಗೆ ಅದು ಸರಿ. ಆದರೆ "ಸವಿತಾ ಎಂ. ಆರ್." ಅವರು "ಪ್ರಿಯ ಆರ್." ಆಗುತ್ತಾರೆ. "ಎಚ್. ಆರ್. ಗೌಡ" ಅಂತಷ್ಟೇ ಬರೆಸಿರುವ ನಮ್ಮ ಗಣಿತದ ಮೇಷ್ಟ್ರಿಗೆ "ಪ್ರಿಯ ಗೌಡ" ಅಂತ ಹೋಗುತ್ತದೆ. ಅವರ ಸ್ವಂತ ಹೆಸರು ಪಟ್ಟಿಯಲ್ಲೇ ಇಲ್ಲ, ಯಾವ ತುಂಡು ತೆಗೆದರೂ ಸಿಗುವುದಿಲ್ಲ. ಎರಡಕ್ಷರಕ್ಕಿಂತ ಚಿಕ್ಕದು ಇನಿಷಿಯಲ್ ಅಂತ LEN ಹಾಕಿ ಹುಡುಕೋಣ ಅಂದರೆ ಕನ್ನಡದಲ್ಲಿ ಅದೂ ಕೈಕೊಡುತ್ತದೆ. ಒತ್ತು, ಕೊಂಬು, ದೀರ್ಘಗಳನ್ನು ಎಕ್ಸೆಲ್ ಬೇರೆ ಬೇರೆಯಾಗಿ ಎಣಿಸುತ್ತದೆ. "ಎಚ್" ಅಂದರೆ 3, "ಉಮಾ" ಅಂದರೂ 3.

ಆಗ ಹೊಳೆಯಿತು. ನಮ್ಮಲ್ಲಿ ಪತ್ರ ಬರೆಯುವಾಗ ಯಾರು ಹೆಸರನ್ನು ತುಂಡು ಮಾಡುತ್ತಾರೆ? "ಎಚ್. ಆರ್. ಗೌಡ ಅವರಿಗೆ ನಮಸ್ಕಾರ" ಅಂತ ಪೂರ್ತಿ ಬರೆದರೆ ಹೆಸರು ಯಾವುದು, ಊರು ಯಾವುದು, ಅಪ್ಪನ ಹೆಸರು ಯಾವುದು ಅನ್ನುವ ತಲೆನೋವೇ ಇಲ್ಲ. "ಅವರಿಗೆ" ಅನ್ನುವುದು ಹೆಂಗಸರಿಗೂ ಸಲ್ಲುತ್ತದೆ, ಗಂಡಸರಿಗೂ ಸಲ್ಲುತ್ತದೆ. ಹಾಗಾಗಿ ಪಟ್ಟಿಯಲ್ಲಿದ್ದ ಶಶಿ ಶ್ರೀಯೋ ಶ್ರೀಮತಿಯೋ ಅಂತ ಊಹಿಸಬೇಕಾಗಿಲ್ಲ.

ಮೇಷ್ಟ್ರ ಪಟ್ಟಿ A ಕಾಲಮ್ಮಿನಲ್ಲಿ ಇದ್ದ ಹಾಗೇ ಉಳಿಯಿತು. ಪಕ್ಕದ ನಾಲ್ಕು ಕಾಲಮ್ಮುಗಳಲ್ಲಿ ಕೆಲಸ ಶುರು ಮಾಡಿದೆ. B ಕಾಲಮ್ಮಿನಲ್ಲಿ ಸ್ಪೇಸ್ ಸರಿಪಡಿಸುವುದು:

```
=TRIM(SUBSTITUTE(SUBSTITUTE(A2,UNICHAR(160)," "),".",". "))
```

ಇದರಿಂದ "ಕೆ.ವಿ.ಸುರೇಶ್" ಅನ್ನುವುದು "ಕೆ. ವಿ. ಸುರೇಶ್" ಆಗುತ್ತದೆ. ಜಾಸ್ತಿ ಬಿದ್ದ ಸ್ಪೇಸ್ ಹೋಗುತ್ತದೆ. ಆ 160 ಯಾಕೆ ಅಂದರೆ, ವೆಬ್‌ನಿಂದ ಕಾಪಿ ಮಾಡಿದ ಹೆಸರಿನಲ್ಲಿ ಸ್ಪೇಸ್‌ನ ಹಾಗೇ ಕಾಣುವ ಇನ್ನೊಂದು ಚಿಹ್ನೆ ಸೇರಿಕೊಂಡಿರುತ್ತದೆ. ಅದನ್ನು TRIM ಒಂದೇ ತೆಗೆಯುವುದಿಲ್ಲ. C ಕಾಲಮ್ಮಿನಲ್ಲಿ ಮೊದಲ ಪದ ಮಾತ್ರ:

```
=LEFT(B2,FIND(" ",B2&" ")-1)
```

ಈ ಪದ ಪತ್ರಕ್ಕಲ್ಲ, ನನ್ನ ತಪಾಸಣೆಗೆ. C ಕಾಲಮ್ಮಿಗೆ ಫಿಲ್ಟರ್ ಹಾಕಿ ಬಾಣದ ಗುರುತು ಒತ್ತಿದರೆ ಒಂದೊಂದು ಪದವೂ ಒಂದೇ ಸಲ ಕಾಣುತ್ತದೆ. 386 ಸಾಲು ಓದುವ ಬದಲು ಆ ಚಿಕ್ಕ ಪಟ್ಟಿ ಓದಿದರೆ ಸಾಕು. ಶ್ರೀ, ಶ್ರೀಮತಿ, ಕು., ಡಾ., ಚುಕ್ಕೆ ಇಲ್ಲದ ಡಾ, ಪ್ರೊ., ದಿ. ಎಲ್ಲ ಕಣ್ಣಿಗೆ ಬಿದ್ದವು. ಕೊನೆಯಲ್ಲಿ (Blanks). ದಿ. ಇದ್ದ ಸಾಲುಗಳನ್ನು ಬೇರೆ ಹಾಳೆಗೆ ಸರಿಸಿದೆ, ಅವರ ಮನೆಯವರಿಗೆ ಬೇರೆಯೇ ಪತ್ರ. ಹೆಸರಿಲ್ಲದ 14ರಲ್ಲಿ ಒಂಬತ್ತು ಮಂದಿ ಯಾರು ಅಂತ ಮೇಷ್ಟ್ರಿಗೆ ನೆನಪಿತ್ತು, ತುಂಬಿಸಿದರು.

ಡಾ. ಮತ್ತು ಪ್ರೊ. ಹೆಸರಿನ ಜೊತೆಗೇ ಇರಲಿ ಅಂತ ಬಿಟ್ಟೆ, ತೆಗೆದರೆ ಬೇಜಾರಾಗುವವರಿದ್ದಾರೆ. ಶ್ರೀ, ಶ್ರೀಮತಿ, ಕು. ತೆಗೆಯಬೇಕಿತ್ತು. ಇಲ್ಲಿ ಮತ್ತೊಂದು ಗುಂಡಿಗೆ ಬಿದ್ದೆ. Find and Replace ತೆರೆದು "ಶ್ರೀ" ಜಾಗದಲ್ಲಿ ಏನೂ ಬೇಡ ಅಂತ Replace All ಒತ್ತಿದೆ. ಶ್ರೀನಿವಾಸ "ನಿವಾಸ" ಆದ, ಶ್ರೀಧರ "ಧರ" ಆದ, ಶ್ರೀಮತಿ "ಮತಿ" ಆದಳು. ಸದ್ಯ, Ctrl+Z ಇತ್ತು. ಮೊದಲ ಪದ ಪೂರ್ತಿಯಾಗಿ ಬಿರುದಿಗೆ ಸಮ ಇದ್ದರೆ ಮಾತ್ರ ಕತ್ತರಿಸಬೇಕು. ತೆಗೆಯಬೇಕಾದ ಬಿರುದುಗಳನ್ನು ಚುಕ್ಕೆ ಇರುವ, ಇಲ್ಲದ ಎರಡೂ ರೂಪದಲ್ಲಿ H2ರಿಂದ H7ರವರೆಗೆ ಬರೆದು D ಕಾಲಮ್ಮಿನಲ್ಲಿ ಹೀಗೆ ಹಾಕಿದೆ:

```
=IF(COUNTIF($H$2:$H$7,C2)>0,MID(B2,LEN(C2)+2,200),B2)
```

E ಕಾಲಮ್ಮಿನಲ್ಲಿ ಸಂಬೋಧನೆಯ ಇಡೀ ಸಾಲು:

```
=IF(D2="","ಆತ್ಮೀಯರೇ,",D2&" ಅವರಿಗೆ ನಮಸ್ಕಾರ,")
```

ವರ್ಡ್‌ನಲ್ಲಿ ಈಗ "ಪ್ರಿಯ" ಇಲ್ಲ. ಮೇಲೆ E ಕಾಲಮ್ ಒಂದೇ. ಖಾಲಿ ಇದ್ದರೂ ಒಂಟಿ ಅಲ್ಪವಿರಾಮ ಬರುವುದಿಲ್ಲ.

ಈ ಸಲ ಮೊದಲ ಮೂರು ಸಾಲು ನೋಡಿ ಕಳಿಸಲಿಲ್ಲ. ಹಾಳೆಯ ಒಂದು ಪ್ರತಿ ಮಾಡಿ, ಬೇಕೆಂದೇ ಹತ್ತು ಕಷ್ಟದ ಸಾಲು ಆರಿಸಿದೆ: ಎರಡು ಬಿರುದು ಇದ್ದವರು, ಇನಿಷಿಯಲ್ ಹಿಂದೆ ಇದ್ದವರು, ಮುಂದೆ ಇದ್ದವರು, ಶ್ರೀನಿವಾಸ, ಖಾಲಿ. ಆ ಹತ್ತಕ್ಕೂ ನನ್ನದೇ ಇಮೇಲ್ ಹಾಕಿ ಕಳಿಸಿಕೊಂಡೆ. "ಶ್ರೀ ಡಾ." ಅಂತಿದ್ದವರು ಸರಿಯಾಗಿ "ಡಾ." ಆಗಿದ್ದರು. "ಡಾ. ಶ್ರೀಮತಿ" ಅಂತಿದ್ದವರು ಹಾಗೇ ಉಳಿದಿದ್ದರು. ನನ್ನ ಸೂತ್ರ ಮೊದಲ ಪದವನ್ನಷ್ಟೇ ನೋಡುತ್ತದಲ್ಲ! ಅಂಥವು ಎರಡೇ ಇದ್ದವು, ಕೈಯಲ್ಲೇ ತಿದ್ದಿದೆ. ಕ್ಷಮೆ ಕೇಳಿ ಮತ್ತೊಮ್ಮೆ ಎಲ್ಲರಿಗೂ ಕಳಿಸಿದೆ.

ಈಗ ಹೊಸ ಸದಸ್ಯರ ಫಾರಮ್ಮಿನಲ್ಲಿ ಒಂದು ಪ್ರಶ್ನೆ ಜಾಸ್ತಿ ಇದೆ: "ಪತ್ರದಲ್ಲಿ ನಿಮ್ಮನ್ನು ಹೇಗೆ ಕರೆಯಬೇಕು?" ಬರೆದದ್ದು ನೇರ D ಕಾಲಮ್ಮಿಗೆ ಹೋಗುತ್ತದೆ. ಹಳಬರೂ ಬೇಕಾದರೆ ತುಂಬಿ ಅಂದಿದ್ದೆ. ರಮೇಶ ತುಂಬಿದ. ಹೆಸರಿನ ಜಾಗದಲ್ಲಿ ಕೆ. ಎಸ್. ರಮೇಶ್, ಹೇಗೆ ಕರೆಯಬೇಕು ಅನ್ನುವ ಜಾಗದಲ್ಲಿ "ಕೆ.". ತಿದ್ದಲಿಲ್ಲ. ಮುಂದಿನ ಪತ್ರ ಅವನಿಗೆ "ಕೆ. ಅವರಿಗೆ ನಮಸ್ಕಾರ" ಅಂತಲೇ ಹೋಯಿತು.